ತೋರಿಸಿದ್ದು ನೋಡಲಿ ಅಂತ, ತಿದ್ದಲಿ ಅಂತ ಅಲ್ಲ

ಬಿಡಿಸಿದ ಚಿತ್ರವನ್ನು ತೋರಿಸುವುದು ಬೇರೆ, ಇದನ್ನು ತಿದ್ದಿಕೊಡಿ ಅನ್ನುವುದು ಬೇರೆ. ಈ ಎರಡನ್ನೂ ಒಂದೇ ಅಂದುಕೊಳ್ಳುವವರು ನಮ್ಮಲ್ಲಿ ಜಾಸ್ತಿ. ಅದರಲ್ಲೂ ಸ್ವಲ್ಪ ಚಿತ್ರಕಲೆ ಕಲಿತವರು.

ಮಡಿಕೇರಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ನಿವೃತ್ತಿಯಾದ ಮೇಲೆ ಜಲವರ್ಣ ಶುರು ಮಾಡಿದರು. ಈ ಮಳೆಗಾಲದಲ್ಲಿ ಓಂಕಾರೇಶ್ವರ ದೇವಸ್ಥಾನ ಬಿಡಿಸಿದ್ದರು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಆ ದೇವಸ್ಥಾನ ಬಿಡಿಸುವವರಿಗೆ ಸುಲಭವಾಗಿ ಸಿಗುವಂಥದ್ದಲ್ಲ. ನಡುವೆ ಗುಮ್ಮಟ, ನಾಲ್ಕು ಮೂಲೆಯಲ್ಲೂ ಮಿನಾರು, ಎದುರಿಗೆ ಕೊಳ. ಗುಮ್ಮಟದ ಎರಡೂ ಬದಿ ಸಮ ಬರಬೇಕು, ಮಿನಾರುಗಳು ನೆಟ್ಟಗೆ ನಿಲ್ಲಬೇಕು. ಇವೆಲ್ಲದರ ಪ್ರತಿಬಿಂಬ ನೀರಿನಲ್ಲೂ ಬರಬೇಕು.

ಅವರ ಮನೆಗೆ ಬಂದಿದ್ದ ನೆಂಟರ ಹುಡುಗ ಕಾಫಿ ಕುಡಿಯುತ್ತಾ ಚಿತ್ರ ನೋಡಿದ. "ಆಂಟಿ, ಎಡಗಡೆ ಮಿನಾರು ವಾಲಿದೆ. ನೀರೊಳಗಿನ ಗೋಡೆ ಮೇಲಿನ ಗೋಡೆಯಷ್ಟೇ ತಿಳಿಯಾಗಿದೆ, ಹಾಗೆ ಬರಬಾರದು. ಹಸಿರು ಟ್ಯೂಬಿನಿಂದ ಸೀದಾ ಹಾಕಿದ್ದೀರಿ ಅಲ್ವಾ?" ಅಂದ. ಅಕ್ಕ "ಹೌದಪ್ಪಾ" ಅಂದು ಚಿತ್ರವನ್ನು ಬೀರುವಿನ ಮೇಲೆ ಇಟ್ಟುಬಿಟ್ಟರು.

ಅವನು ಹೇಳಿದ ಮೂರೂ ನಿಜ. ಆದರೆ ಅದನ್ನು ಇಟ್ಟುಕೊಂಡು ಅಕ್ಕ ಏನು ಮಾಡಬೇಕು? ಜಲವರ್ಣದಲ್ಲಿ ಬೆಳಕು ಅಂದರೆ ಬಣ್ಣ ಹಾಕದೆ ಬಿಟ್ಟ ಕಾಗದ. ಒಮ್ಮೆ ಬಣ್ಣ ಕೂತು ಒಣಗಿದ ಮೇಲೆ ಅದನ್ನು ಪೂರ್ತಿ ತೆಗೆಯುವುದು ಕಷ್ಟ. ಒದ್ದೆ ಬ್ರಷ್ಷಿನಿಂದ ಜಾಸ್ತಿ ಉಜ್ಜಿದರೆ ಕಾಗದದ ಮೈ ಎದ್ದು ಬರುತ್ತದೆ, ಅದರ ಮೇಲೆ ಹಾಕಿದ ಬಣ್ಣ ಕಲೆಯಾಗಿ ನಿಲ್ಲುತ್ತದೆ. ವಾಲಿದ ಮಿನಾರನ್ನು ನೆಟ್ಟಗೆ ಮಾಡುವ ಹೊತ್ತು ಪೆನ್ಸಿಲ್ ಗೆರೆ ಹಾಕುವಾಗ ಇತ್ತು. ಮುಗಿದ ಚಿತ್ರದ ಎದುರು ಆ ಮಾತು ಯಾವ ಉಪಯೋಗಕ್ಕೂ ಬರುವುದಿಲ್ಲ, ಬಿಡಿಸಿದವರ ಮನಸ್ಸು ಮುದುಡುತ್ತದೆ ಅಷ್ಟೇ. ಮುಂದಿನ ಸಲಕ್ಕೆ ಆಗುತ್ತಲ್ಲ ಅನ್ನಬಹುದು. ಮುಂದಿನ ಚಿತ್ರಕ್ಕೆ ಗೆರೆ ಹಾಕುವಾಗ ಅವರೇ ಕರೆದು ಕೇಳಿದರೆ ಧಾರಾಳವಾಗಿ ಹೇಳಲಿ.

ಹಾಗಂತ "ಸೂಪರ್" ಅಂದು ಎದ್ದು ಹೋಗುವುದನ್ನೂ ನಾನು ಒಪ್ಪುವುದಿಲ್ಲ. ಅದನ್ನು ಚಿತ್ರ ನೋಡದೆಯೂ ಹೇಳಬಹುದು. ಸುಳ್ಳು ಹೊಗಳಿಕೆಯೂ ಬೇಕಿಲ್ಲ. ನೋಡಿದರೆ ಸಾಕು, ಹೇಳುವುದಕ್ಕೆ ನಿಜವಾದ ಮಾತು ಸಿಗುತ್ತದೆ. ಆ ಚಿತ್ರದಲ್ಲಿ ಗುಮ್ಮಟದ ಹಿಂದಿನ ಮರಗಳು ಮಂಜಿನಲ್ಲಿ ಕರಗಿದ್ದವು. ಕಾಗದ ಒದ್ದೆ ಇರುವಾಗಲೇ ಬಣ್ಣ ಮುಟ್ಟಿಸಿ ಹರಿಯಲು ಬಿಟ್ಟರೆ ಹಾಗೆ ಬರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಬೇಗ ಒಣಗುವುದಿಲ್ಲ. ತಾಳ್ಮೆಗೆಟ್ಟು ಅರೆ ಒಣಗಿದ ಜಾಗಕ್ಕೆ ಇನ್ನೊಂದು ಬ್ರಷ್ ನೀರು ಹಾಕಿದರೆ ಮುಗೀತು, ಹೂಕೋಸಿನ ಅಂಚಿನ ಹಾಗೆ ಕಲೆ ಅರಳುತ್ತದೆ. ಅಕ್ಕನ ಆಕಾಶದಲ್ಲಿ ಅಂಥ ಒಂದು ಕಲೆಯೂ ಇರಲಿಲ್ಲ. "ಈ ಮಂಜು ಹೇಗೆ ತಂದ್ರಿ ಅಕ್ಕಾ?" ಅಂದೆ. ಕಾಗದ ನೆನೆಸಿದ್ದು, ಹಲಗೆಯನ್ನು ಓರೆ ಹಿಡಿದಿದ್ದು, ಕೈ ಕಟ್ಟಿಕೊಂಡು ಕಾದಿದ್ದು, ಎಲ್ಲ ಹೇಳಿದರು. ನಾನು ಹೊಗಳಿರಲಿಲ್ಲ, ಕೇಳಿದ್ದೆ ಅಷ್ಟೇ.

ಆಮೇಲೊಂದು ದಿನ ಅವರೇ ಚಿತ್ರ ಕೆಳಗಿಳಿಸಿ, "ಈ ಕೊಳ ಯಾಕೋ ನೀರಿನ ಥರ ಕಾಣಲ್ಲ, ಏನು ಮಾಡಲಿ?" ಅಂದರು. ಇದು ಕೇಳಿದ್ದು. ಹಾಗಾಗಿ ಕೊಳದ ಬಗ್ಗೆ ಮಾತ್ರ ಹೇಳಿದೆ. ತಿಳಿ ಬಣ್ಣದ ಗೋಡೆ ನೀರಿನಲ್ಲಿ ಸ್ವಲ್ಪ ಮಬ್ಬಾಗಿ ಕಾಣುತ್ತದೆ, ಕಪ್ಪು ಮರ ಸ್ವಲ್ಪ ತಿಳಿಯಾಗಿ ಕಾಣುತ್ತದೆ. ಇಲ್ಲಿ ಗೋಡೆಯನ್ನು ಮಬ್ಬು ಮಾಡಬೇಕಿತ್ತು. ಅದೃಷ್ಟಕ್ಕೆ ಗಾಢ ಮಾಡುವುದು ಜಲವರ್ಣದಲ್ಲಿ ಕೊನೆಯಲ್ಲೂ ಸಾಧ್ಯ. ಪೂರ್ತಿ ಒಣಗಿದ ಮೇಲೆ ತೆಳುವಾದ ಬೂದು ನೀಲಿಯನ್ನು ಅಗಲ ಬ್ರಷ್ಷಿನಿಂದ ಕೊಳದ ಮೇಲೆ ಒಂದೇ ಸಲ ಎಳೆಯಬೇಕು, ಎಳೆದ ಜಾಗಕ್ಕೆ ಮತ್ತೆ ಹೋಗಬಾರದು. ಅದು ಹಸಿ ಇರುವಾಗಲೇ, ಹಿಂಡಿದ ಬ್ರಷ್ಷಿನಿಂದ ಅಡ್ಡಕ್ಕೆ ಒಂದೆರಡು ಗೆರೆ ಬಣ್ಣ ಎತ್ತಿದರೆ ನೀರಿನ ಮಟ್ಟ ಕಾಣುತ್ತದೆ. ಮೊದಲು ರದ್ದಿ ಕಾಗದದ ಮೇಲೆ ಮಾಡಿ ನೋಡಿದರು, ಆಮೇಲೆ ಚಿತ್ರದ ಮೇಲೆ. ಕೊಳಕ್ಕೆ ನೀರು ಬಂತು. ಮಿನಾರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೇಳದೆಯೂ ನಾನು ಬಾಯಿ ಬಿಡುವ ಒಂದು ವಿಷಯ ಇದೆ, ಅದು ಫ್ರೇಮು. ಯಾಕಂದ್ರೆ ಅದು ಚಿತ್ರ ಹೇಗಿದೆ ಅನ್ನುವ ಮಾತಲ್ಲ, ಚಿತ್ರ ಉಳಿಯುವ ಮಾತು. ಕೊಡಗಿನ ಮಳೆಗಾಲದಲ್ಲಿ ಗಾಜು ಕಾಗದಕ್ಕೆ ತಾಗಿಕೊಂಡಿದ್ದರೆ ತೇವ ಅಲ್ಲೇ ನಿಂತು ಬೂಷ್ಟು ಹಿಡಿಯುತ್ತದೆ. ನಡುವೆ ಚಿತ್ರದ ಅಂಚಿನ ಸುತ್ತ ಕೂರುವ ದಪ್ಪ ರಟ್ಟು, ಅಂದರೆ ಮೌಂಟ್ ಬೋರ್ಡ್ ಹಾಕಿಸಿ, ಮಳೆ ಹೊಡೆಯುವ ಹೊರಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಿ ಅಂದೆ. ಅಕ್ಕ ಹಾಗೇ ಮಾಡಿಸಿದ್ದಾರೆ.