‘ಮಾಲ್ಗುಡಿ ಡೇಸ್’ ಎಂದರೆ ಮೊದಲು ನೆನಪಾಗುವುದು ಆ ರಾಗ

ಕಳೆದ ವಾರ ನೆಂಟರೆಲ್ಲ ಸೇರಿದ್ದಾಗ ಚಿಕ್ಕಪ್ಪ ಊಟ ಮುಗಿಸಿ ಎಲೆಗೆ ಸುಣ್ಣ ಸವರುತ್ತಾ ‘ತಾನನಾನ’ ಎಂದು ಗುನುಗಿದರು. ಅವರು ಸಾಲು ಮುಗಿಸುವ ಮೊದಲೇ ಅಡುಗೆಮನೆಯಿಂದ ಅಮ್ಮ ‘ಮಾಲ್ಗುಡಿ ಡೇಸ್’ ಎಂದು ಕೂಗಿ ಹೇಳಿದರು. ಆಮೇಲೆ ಅದರ ಕಥೆಗಳನ್ನು ನೆನಪಿಸಿಕೊಳ್ಳಲು ಕುಳಿತರೆ, ಸ್ವಾಮಿ ಮತ್ತು ಅವನ ಗೆಳೆಯರನ್ನು ಬಿಟ್ಟು ಎರಡು ಮೂರು ಕಂತುಗಳಾಚೆಗೆ ಯಾರಿಗೂ ಏನೂ ಹೊಳೆಯಲಿಲ್ಲ.

ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ತೆರೆಗೆ ತಂದರು. ಆರಂಭದಲ್ಲಿ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು ಒಂದೊಂದಾಗಿ ಬರುತ್ತಿದ್ದವು, ಹಿಂದೆ ಎಲ್. ವೈದ್ಯನಾಥನ್ ಅವರ ಸಂಗೀತ. ಆ ರಾಗಕ್ಕೆ ಸಾಹಿತ್ಯವೇ ಇರಲಿಲ್ಲ, ಇದ್ದದ್ದು ಅರ್ಥದ ಹೊರೆಯಿಲ್ಲದ ಅಕ್ಷರಗಳು ಮಾತ್ರ. ಆದ್ದರಿಂದ ಹಿಂದಿ ಸರಿಯಾಗಿ ತಿಳಿಯದ ನಮ್ಮಂಥ ಮನೆಗಳಲ್ಲಿ ಸಂಭಾಷಣೆಯ ಅರ್ಧ ಭಾಗ ಕೈತಪ್ಪಿ ಹೋದರೂ ರಾಗ ಮಾತ್ರ ಪೂರ್ತಿಯಾಗಿ ನಮ್ಮದಾಯಿತು. ಅದು ಉಳಿದದ್ದಕ್ಕೆ ಇದೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಇನ್ನೊಂದು ಕಾರಣ, ಕಥೆ ಪ್ರತಿ ವಾರ ಬದಲಾದರೂ ರಾಗ ಬದಲಾಗುತ್ತಿರಲಿಲ್ಲ ಎಂಬುದು. ಜೋಗುಳವನ್ನು ಅಜ್ಜಿ ಒಂದು ಶ್ರುತಿಯಲ್ಲಿ ಹಾಡಿದರೆ ಅತ್ತೆ ಇನ್ನೊಂದರಲ್ಲಿ ಹಾಡುತ್ತಾರೆ. ಧಾರಾವಾಹಿಯ ರಾಗವಾದರೋ ಅದೇ ಧ್ವನಿಮುದ್ರಣದಿಂದ, ಅದೇ ಶ್ರುತಿಯಲ್ಲಿ, ಅದೇ ವೇಗದಲ್ಲಿ ಕಿವಿಗೆ ಬೀಳುತ್ತದೆ. ಕೆನಡಾದ ಶೆಲೆನ್‌ಬರ್ಗ್ ಮತ್ತು ಟ್ರೆಹಬ್ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯವನ್ನೇ ಪರೀಕ್ಷಿಸಿತು. ಜನಪ್ರಿಯ ಟಿವಿ ಕಾರ್ಯಕ್ರಮಗಳ ವಾದ್ಯಸಂಗೀತದ ತುಣುಕುಗಳನ್ನು ಒಮ್ಮೆ ಮೂಲ ಶ್ರುತಿಯಲ್ಲಿ, ಒಮ್ಮೆ ಶ್ರುತಿಯನ್ನು ಅರ್ಧ ಸ್ವರ ಅಥವಾ ಒಂದು ಸ್ವರದಷ್ಟು ಏರಿಸಿಯೋ ಇಳಿಸಿಯೋ ಕೇಳಿಸಿದಾಗ, ಯಾವುದು ಮೂಲವೆಂಬುದನ್ನು ಸಾಮಾನ್ಯ ವಿದ್ಯಾರ್ಥಿಗಳು ಬರಿಯ ಊಹೆಯಿಂದ ಸಾಧ್ಯವಾಗುವುದಕ್ಕಿಂತ ಹೆಚ್ಚು ಬಾರಿ ಸರಿಯಾಗಿ ಗುರುತಿಸಿದರು. ಪರಿಚಯವಿಲ್ಲದ ಕಾರ್ಯಕ್ರಮಗಳ ಸಂಗೀತದಲ್ಲಿ ಅವರಿಗೆ ಅದು ಸಾಧ್ಯವಾಗಲಿಲ್ಲ. ಅಂದರೆ ಸಂಗೀತ ಕಲಿಯದವರ ಮನಸ್ಸಿನಲ್ಲೂ ರಾಗದ ಆಕಾರದ ಜೊತೆಗೆ ಅದರ ಶ್ರುತಿಯೂ ಅಚ್ಚಾಗಿರುತ್ತದೆ. ಈ ಮಾತನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಹಾಡಲು ಬಾರದ ಅಮ್ಮ, ಚಿಕ್ಕಪ್ಪ ಎತ್ತಿಕೊಂಡ ಶ್ರುತಿ ‘ಸ್ವಲ್ಪ ಕೆಳಗಾಯಿತು’ ಎಂದು ಅಂದೇ ಹೇಳಿದ್ದರು.

ಈ ನೆನಪಿಗೆ ಮಿತಿಯೂ ಇದೆ. ಲಕ್ಷ್ಮಣರ ಚಿತ್ರಗಳು ಯಾವ ಕ್ರಮದಲ್ಲಿ ಬರುತ್ತಿದ್ದವೆಂದು ಕೇಳಿದರೆ ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಹೇಳಿದರು. ನಾವು ಆ ಹೊತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದೆವಲ್ಲ, ಕಣ್ಣಿಗಿಂತ ಮೊದಲು ಕಿವಿಯೇ ಟಿವಿಯ ಮುಂದೆ ಇರುತ್ತಿತ್ತು. ರಾಗವೂ ನಮಗೆ ಬೇಕಾದ ಜಾಗದಿಂದ ಸಿಗುವುದಿಲ್ಲ. ಒಂದು ಸ್ವರ ಮುಂದಿನದನ್ನು ಎಳೆದು ತರುವ ಸರಪಳಿಯಾಗಿಯೇ ಅದು ಮನಸ್ಸಿನಲ್ಲಿರುವುದರಿಂದ, ನಡುವಿನ ಸಾಲನ್ನು ಮಾತ್ರ ಹಾಡಿ ಎಂದು ಕೇಳಿದಾಗ ಚಿಕ್ಕಪ್ಪ ಎರಡು ಸಲ ತಡವರಿಸಿ, ಕಣ್ಣು ಮುಚ್ಚಿ, ಮೊದಲಿನಿಂದಲೇ ಶುರು ಮಾಡಿ ಆ ಸಾಲಿಗೆ ಬಂದು ತಲುಪಿದರು.