ಕೋಳಿಗೆ ಜ್ವರ ನೋಡಿದ ಭಾನುವಾರ

ನಮ್ಮ ಮನೆಯಲ್ಲಿ ಕೋಳಿಯೆಂದರೆ ಸಾರು. ತುಂಡುಗಳು ಕುದಿಯುವ ಮಸಾಲೆಯಲ್ಲಿ ಅರ್ಧ ಗಂಟೆ ಮುಳುಗೇಳುವುದರಿಂದ ಬೆಂದಿದೆಯೋ ಇಲ್ಲವೋ ಎಂಬ ಸಂಶಯ ಯಾರಿಗೂ ಬಂದದ್ದಿಲ್ಲ. ಆ ಸಂಶಯವನ್ನು ಬೆಂಗಳೂರಿನ ನಮ್ಮ ಅಡುಗೆಮನೆಗೆ ತಂದವನು ನನ್ನ ಭಾಮೈದ. ಓವನ್ ಕೊಂಡ ಸಂತೋಷಕ್ಕೆ ಅವನು ಅಡುಗೆಯ ಥರ್ಮಾಮೀಟರೊಂದನ್ನು ಉಡುಗೊರೆ ಕೊಟ್ಟು, “ಭಾವ, ಒಳಗೆ 74 ಡಿಗ್ರಿ ಸೆಲ್ಸಿಯಸ್ ಬಂದರೆ ಸಾಕು, ಆಮೇಲೆ ಯೋಚನೆಯೇ ಬೇಡ” ಎಂದು ಹೇಳಿ, ಬರುವ ಭಾನುವಾರ ಊಟಕ್ಕೆ ತಾನೇ ಬರುವುದಾಗಿಯೂ ತಿಳಿಸಿದ.

ಶನಿವಾರ ರಾತ್ರಿ ಕುದಿಯುವ ನೀರಿನಲ್ಲಿ ಅದನ್ನು ಪರೀಕ್ಷಿಸಿದಾಗ ಅಂಕಿ 97ಕ್ಕೇ ನಿಂತಿತು. ಉಡುಗೊರೆ ಕೆಟ್ಟದ್ದೆಂದು ಮನಸ್ಸಿನಲ್ಲೇ ಭಾಮೈದನನ್ನು ಬೈದುಕೊಂಡ ಮೇಲೆ ನೆನಪಾಯಿತು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸ್ವಲ್ಪ ನೀರು ಬೆರೆಸಿ ಅದ್ದಿದಾಗ ಸೊನ್ನೆ ತೋರಿಸಿತು. ಉಪಕರಣ ಸರಿಯಿತ್ತು, ಮರುದಿನ ತಪ್ಪಿದ್ದೆಲ್ಲ ನಾನು.

ಒಂದೂವರೆ ಕಿಲೋದ ಇಡೀ ಕೋಳಿಯನ್ನು 200 ಡಿಗ್ರಿಯ ಓವನ್ನಿನಲ್ಲಿಟ್ಟು ಐವತ್ತು ನಿಮಿಷ ಕಾದೆ. ಚರ್ಮ ಹೊಂಬಣ್ಣಕ್ಕೆ ತಿರುಗಿತ್ತು, ಪರಿಮಳ ಪಕ್ಕದ ಮನೆಯವರೆಗೂ ಹೋಗಿತ್ತು. ಎದೆಯ ತುದಿಯ ತೆಳ್ಳನೆಯ ಭಾಗಕ್ಕೆ ಮೇಲಿನಿಂದ ನೇರವಾಗಿ ಕಡ್ಡಿ ಚುಚ್ಚಿದೆ, 92 ಬಂತು. ಗೆದ್ದೆನೆಂದುಕೊಂಡು ತಟ್ಟೆಗಿಟ್ಟು ತೊಡೆಯನ್ನು ಬಿಡಿಸಿದರೆ ಕೀಲಿನ ಬಳಿಯ ಮಾಂಸ ಇನ್ನೂ ಹಸಿಹಸಿಯಾಗಿ, ರಬ್ಬರಿನಂತೆ ಎಳೆಯುತ್ತಿತ್ತು. ಕಡ್ಡಿಯ ಮೊನೆ ಆ ತೆಳುಭಾಗವನ್ನು ದಾಟಿ ಕೆಳಗಿನ ಟ್ರೇಗೆ ತಾಗಿತ್ತು. ನಾನು ಅಳೆದದ್ದು ಕೋಳಿಯ ಬಿಸಿಯನ್ನಲ್ಲ, ತಗಡಿನ ಬಿಸಿಯನ್ನು.

ಇಂಥ ಡಿಜಿಟಲ್ ಥರ್ಮಾಮೀಟರಿನಲ್ಲಿ ಬಿಸಿಯನ್ನು ಅರಿಯುವುದು ಮೊನೆ ಮಾತ್ರ, ಉದ್ದನೆಯ ಕಡ್ಡಿಯಲ್ಲ. ಮಾಂಸವಾದರೋ ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ಕಾಯುತ್ತದೆ. ಹೀಗಾಗಿ ಫ್ರಿಜ್ಜಿನ ತಂಪನ್ನು ಎಲ್ಲಕ್ಕಿಂತ ಕೊನೆಗೆ ಬಿಟ್ಟುಕೊಡುವುದು ದಪ್ಪ ಭಾಗದ ನಡುವು: ಎದೆಯಲ್ಲಿ ಅದರ ಉಬ್ಬಿದ ಜಾಗ, ಕಾಲಿನಲ್ಲಿ ಮೈಗೆ ಅಂಟಿಕೊಂಡಿರುವ ಒಳತೊಡೆ. ಅಲ್ಲಿ 74 ಬಂದರೆ ಉಳಿದೆಡೆಯೂ ಬಂದಿದೆಯೆಂದು ನಂಬಬಹುದು. ತೆಳುಭಾಗದ ಅಂಕಿ ನಂಬಿದರೆ ನನ್ನ ಪಾಡು.

ಭಾಮೈದ ಬಂದು, “ಭಾವ, ತೊಡೆಗೆ ಚುಚ್ಚಿ” ಎಂದ. ಇನ್ನೊಂದು ತೊಡೆಗೆ ಉತ್ಸಾಹದಿಂದ ಚುಚ್ಚಿದಾಗ ಒಳಗೆ ಟಕ್ಕೆಂದು ಮೂಳೆ ಸಿಕ್ಕಿತು. ಮೂಳೆಯೂ ಮಾಂಸವೂ ಒಂದೇ ವೇಗದಲ್ಲಿ ಕಾಯುವುದಿಲ್ಲವಾದ್ದರಿಂದ ಆ ಅಂಕಿಯೂ ಲೆಕ್ಕಕ್ಕಿಲ್ಲ. ಆಗ ಅವನು ತೋರಿಸಿದ ಉಪಾಯವೇ ಆ ದಿನದ ಗಳಿಕೆ. ಕಡ್ಡಿಯನ್ನು ಪಕ್ಕದಿಂದ, ಮೂಳೆ ತಪ್ಪಿಸಿ, ಬೇಕಾದದ್ದಕ್ಕಿಂತ ತುಸು ಆಳಕ್ಕೆ ತೂರಿಸಿ, ಆಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದಕ್ಕೆ ಎಳೆಯುತ್ತ ಅಂಕಿ ನೋಡಬೇಕು. 70, 66, 63, 61, ಮತ್ತೆ 64. ಎಲ್ಲಕ್ಕಿಂತ ಕಡಿಮೆ ಬಂದ 61ರ ಜಾಗವೇ ನಿಜವಾದ ನಡುವು.

“61 ಕಮ್ಮಿಯೇನಪ್ಪಾ, ಮುಟ್ಟಿದರೆ ಕೈ ಸುಡುತ್ತಲ್ಲ?” ಎಂದರು ಅಮ್ಮ. ಅವರ ಪ್ರಶ್ನೆಯಲ್ಲಿ ಅರ್ಧ ನ್ಯಾಯವಿತ್ತು. ಕೋಳಿಮಾಂಸದ ಸಾಲ್ಮೊನೆಲ್ಲಾದಂಥ ಕ್ರಿಮಿಗಳು ಅದಕ್ಕಿಂತ ಸ್ವಲ್ಪ ಹೆಚ್ಚಿನ 63ರಲ್ಲೂ ಸಾಯುತ್ತವೆ, ಆದರೆ ನಡುವಿನ ಬಿಸಿ ಇಳಿಯದಂತೆ ಸುಮಾರು ಒಂಬತ್ತು ನಿಮಿಷ ಕಾಯಬೇಕು. 74ರಲ್ಲಾದರೆ ಕ್ಷಣಮಾತ್ರ ಸಾಕು. ಟ್ರೇಯ ಬಿಸಿಗೂ ಕೋಳಿಯ ಬಿಸಿಗೂ ವ್ಯತ್ಯಾಸ ತಿಳಿಯದವನ ಕೈಗೆ ಗಡಿಯಾರವನ್ನೂ ಕೊಡುವುದು ಬೇಡವೆಂದು ಭಾಮೈದ ತೀರ್ಮಾನಿಸಿದ. ಬಣ್ಣ ನೋಡಿ ಹೇಳೋಣವೆಂದರೆ ಅದೂ ಆಗದು: ಎಳೆಯ ಕೋಳಿಯಲ್ಲಿ ಮಜ್ಜೆಯ ಬಣ್ಣ ಇಳಿದು ಮೂಳೆಯ ಸುತ್ತ ಪೂರಾ ಬೆಂದ ಮೇಲೂ ಕೆಂಪಗಿರಬಹುದು.

ಕೋಳಿ ಮತ್ತೆ ಓವನ್ ಸೇರಿತು. ಅರೆಬೆಂದ ಮಾಂಸಕ್ಕೆ ಚುಚ್ಚಿದ ಕಡ್ಡಿಯನ್ನೇ ಪುನಃ ಚುಚ್ಚಲು ಹೊರಟ ನನ್ನನ್ನು ಅಮ್ಮ ತಡೆದು, ಸೋಪು ಹಚ್ಚಿ ತೊಳೆಸಿದರು. ಇಪ್ಪತ್ತು ನಿಮಿಷದ ಬಳಿಕ ಒಳತೊಡೆ 75 ಮುಟ್ಟುವ ಹೊತ್ತಿಗೆ ಎದೆ 84 ದಾಟಿ ಹತ್ತಿಯಂತಾಗಿತ್ತು. ಭಾಮೈದ ಅದನ್ನು ತಿಳಿಸಾರಿನಲ್ಲಿ ನೆನೆಸಿಕೊಂಡು ತಿಂದ.

“ಹನ್ನೆರಡು ತುಂಡು ಮಾಡಿ ಸಾರಿಗೆ ಹಾಕಿದ್ದರೆ ಇಷ್ಟೊತ್ತಿಗೆ ಉಂಡು ಮಲಗಿರ್ತಿದ್ವಿ” ಎಂದರು ಅಮ್ಮ. ತುಂಡು ಮಾಡಿದರೆ ದಪ್ಪವೇ ಉಳಿಯುವುದಿಲ್ಲವಲ್ಲ. ನಾನು ಉತ್ತರಿಸದೆ ತೊಡೆಯ ಮೂಳೆ ಚೀಪುತ್ತ ಕುಳಿತೆ.