ವರ್ಷಕ್ಕೆ ಹನ್ನೆರಡು ಯುಗಾದಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ನವೋದ್ಯಮಿಗಳು ಸಾಹಿತಿಗಳಾಗುತ್ತಾರೆ. ಹೂಡಿಕೆದಾರರಿಗೆ ಬರೆಯುವ ತ್ರೈಮಾಸಿಕ ಪತ್ರವೇ ಅವರ ಕೃತಿ. ತರಕಾರಿ ಆ್ಯಪ್ ಒಂದರ ಪತ್ರ ಕೈಯಿಂದ ಕೈಗೆ ದಾಟಿ ನನ್ನವರೆಗೂ ಬಂದಿದೆ. ಮೊದಲ ಸಾಲಿನಲ್ಲೇ ಘೋಷಣೆ: ‘ವಾರ್ಷಿಕ ವಹಿವಾಟು 60 ಕೋಟಿ ರೂಪಾಯಿಯ ವೇಗ ತಲುಪಿದೆ!’

ಈ 60 ಕೋಟಿ ಹುಟ್ಟಿದ ಬಗೆ ನೋಡಿ. ಮಾರ್ಚಿನಲ್ಲಿ ಗ್ರಾಹಕರು ಕೊಂಡದ್ದು 5 ಕೋಟಿಯ ಸರಕು. ಯುಗಾದಿ ರಿಯಾಯಿತಿಯ ತಿಂಗಳು ಅದು. ಅದನ್ನೇ ಹನ್ನೆರಡರಿಂದ ಗುಣಿಸಿದ್ದಾರೆ. ಇವರ ಪಂಚಾಂಗದಲ್ಲಿ ಪ್ರತಿ ತಿಂಗಳೂ ಬೇವು ಬೆಲ್ಲ. ಆ 5 ಕೋಟಿಯಾದರೂ ಇವರದೇ? ಕಮಿಷನ್ ಶೇ 15, ಅಂದರೆ 75 ಲಕ್ಷ. ಕೂಪನ್‌ಗೆಂದು ಹಂಚಿದ್ದು 40 ಲಕ್ಷ. ಉಳಿದದ್ದು 35 ಲಕ್ಷ. ಅದು ಪತ್ರದ ಕೊನೆಯ ಪುಟದಲ್ಲಿ, ಇರುವೆಯಷ್ಟು ಅಕ್ಷರದಲ್ಲಿದೆ.

ಈ ವಿದ್ಯೆಯ ಗುರುಪೀಠ ಅಮೆರಿಕದಲ್ಲಿದೆ. ಕಚೇರಿ ಜಾಗ ಬಾಡಿಗೆಗೆ ಕೊಡುವ ವೀವರ್ಕ್ 2018ರಲ್ಲಿ ಬಾಂಡ್ ಮಾರಲು ಹೊರಟಾಗ ‘ಸಮುದಾಯ ಹೊಂದಾಣಿಕೆಯ’ ಲಾಭವೊಂದನ್ನು ಕಂಡುಹಿಡಿಯಿತು. ಜಾಹೀರಾತು, ಆಡಳಿತ, ವಿನ್ಯಾಸದ ಖರ್ಚುಗಳನ್ನೆಲ್ಲ ಬದಿಗಿಟ್ಟದ್ದೇ ತಡ, 2017ರ 93 ಕೋಟಿ ಡಾಲರ್ ನಷ್ಟ 23 ಕೋಟಿ ಡಾಲರ್ ಲಾಭವಾಗಿ ಎದ್ದು ನಿಂತಿತು! ಮನೆ ಬಾಡಿಗೆ, ದಿನಸಿ ಬಿಟ್ಟು ಲೆಕ್ಕ ಹಾಕಿದರೆ ನಾನೂ ಕುಬೇರನೇ. 2023ರಲ್ಲಿ ವೀವರ್ಕ್ ದಿವಾಳಿ ಅರ್ಜಿ ಹಾಕಿತು. ಸಮುದಾಯ ಹೊಂದಿಕೊಳ್ಳಲಿಲ್ಲ ಎಂದು ಕಾಣುತ್ತದೆ.

ನಮ್ಮ ಪತ್ರಕ್ಕೆ ಬರೋಣ. ಗುರಿ ತಪ್ಪಿದ್ದಕ್ಕೆ ಒಂದೇ ವಾಕ್ಯ: ‘ಕೆಲವು ಅಮೂಲ್ಯ ಪಾಠಗಳನ್ನು ಕಲಿತೆವು.’ ಪಾಠ ಯಾವುದು, ಶುಲ್ಕ ಯಾರದು ಎಂಬುದಿಲ್ಲ. ಬ್ಯಾಂಕಿನಲ್ಲಿ 6 ಕೋಟಿ ಇದೆ, ತಿಂಗಳಿಗೆ ಒಂದೂವರೆ ಕೋಟಿ ಕರಗುತ್ತಿದೆ. ನಾಲ್ಕು ತಿಂಗಳ ಉಸಿರು ಎಂದು ಮೂರನೇ ತರಗತಿಯ ಮಗುವೂ ಹೇಳೀತು. ಪತ್ರ ಮಾತ್ರ ಹತ್ತು ತಿಂಗಳು ಎನ್ನುತ್ತದೆ. ಹೇಗೆಂದರೆ, ಮುಂದಿನ ತಿಂಗಳಿಂದಲೇ ಕರಗುವುದು 60 ಲಕ್ಷಕ್ಕೆ ಇಳಿಯುತ್ತದಂತೆ. ಹೋದ ತ್ರೈಮಾಸಿಕದ ಪತ್ರದಲ್ಲೂ ‘ಮುಂದಿನ ತಿಂಗಳಿಂದ’ ಎಂದೇ ಇತ್ತು. ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದುವ ಹೂಡಿಕೆದಾರ ಈ ಊರಿನಲ್ಲಿಲ್ಲವೇ?

ನಗು ಇಲ್ಲಿಗೆ ಸಾಕು. ಬೈಜೂಸ್ 2020–21ರ ಲೆಕ್ಕಪತ್ರವನ್ನು ಹೊರಗಿಟ್ಟದ್ದು 2022ರ ಸೆಪ್ಟೆಂಬರ್‌ನಲ್ಲಿ. ನಷ್ಟ 4,588 ಕೋಟಿ. ಅದೇ ವರ್ಷ ಕಂಪನಿಗೆ 2,200 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. ಎರಡು ವರ್ಷ ತುಂಬುವ ಮೊದಲೇ, ಆ ಬೆಲೆಯ ನೂರರಲ್ಲೊಂದು ಪಾಲಿಗೆ ಷೇರು ಕೊಳ್ಳಿ ಎಂದು ಹಳೆಯ ಹೂಡಿಕೆದಾರರನ್ನೇ ಕೇಳಬೇಕಾಯಿತು. ಸಿಬ್ಬಂದಿಯ ಸಂಬಳ ತಡವಾಯಿತು. ಹೂಡಿಕೆದಾರರಿಗಾದರೂ ಕಾಗದ ಬರುತ್ತದೆ. ಕೆಲಸ ಕಳೆದುಕೊಂಡವರಿಗೆ ಕನಿಷ್ಠ ಹೊಂದಾಣಿಕೆ ಮಾಡಿದ ಸುಳ್ಳನ್ನೂ ಯಾರೂ ಬರೆಯುವುದಿಲ್ಲ.

ತರಕಾರಿ ಪತ್ರದ ಬೇಡಿಕೆ 20 ಕೋಟಿ, ಮುಂದಿನ ಸುತ್ತಿನವರೆಗೆ ‘ಸೇತುವೆ’ಯಂತೆ. ಆಚೆ ದಡದಲ್ಲಿ ಹಣ ಕೊಡುವವರು ಯಾರೆಂದು ಬರೆದಿಲ್ಲ.